ಮೊದಲ ಪಿಂಚಣಿಯ ಸಾಲ ತೀರಿಸುವವರು ಯಾರು?

ಅಮೆರಿಕದ ವರ್ಮಾಂಟ್ ರಾಜ್ಯದ ಲಡ್ಲೋ ಎಂಬ ಊರಿನಲ್ಲಿ ಐಡಾ ಮೇ ಫುಲ್ಲರ್ ಎಂಬ ಮಹಿಳೆ ವಕೀಲರ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದರು. ಆ ದೇಶದ ಸೋಷಿಯಲ್ ಸೆಕ್ಯುರಿಟಿ ಯೋಜನೆಯ ಮೊದಲ ಮಾಸಿಕ ಪಿಂಚಣಿ ಸಿಕ್ಕಿದ್ದು ಅವರಿಗೆ. 1940ರ ಜನವರಿ 31ರ ಆ ಚೆಕ್ಕಿನ ಮೊತ್ತ 22.54 ಡಾಲರ್. ಅದಕ್ಕೂ ಮೊದಲು ಮೂರು ವರ್ಷ ಅವರು ಕಟ್ಟಿದ್ದ ಒಟ್ಟು ವಂತಿಗೆ 24.75 ಡಾಲರ್. ಎರಡನೇ ಚೆಕ್ಕಿಗೇ ಕಟ್ಟಿದ್ದೆಲ್ಲ ವಾಪಸಾಯಿತು. ನೂರು ವರ್ಷ ಬಾಳಿದ ಅವರು 1975ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಪಡೆದದ್ದು 22,888.92 ಡಾಲರ್.

ಇಷ್ಟು ಹಣ ಬಂದದ್ದು ಎಲ್ಲಿಂದ? ಅವರ ನಂತರ ದುಡಿಯಲು ಬಂದವರ ಸಂಬಳದಿಂದ. ಇಂದು ದುಡಿಯುವವರು ಕಟ್ಟಿದ ಹಣವನ್ನು ಇಂದಿನ ಹಿರಿಯರಿಗೇ ಹಂಚುವ ಈ ಪದ್ಧತಿಗೆ ‘ಪೇ ಆಸ್ ಯು ಗೋ’ ಎಂಬ ಹೆಸರಿದೆ. ಇಲ್ಲಿ ಯಾರ ಹೆಸರಿನಲ್ಲೂ ಹಣ ಕೂಡಿಟ್ಟಿರುವುದಿಲ್ಲ. ಇದರ ಲೆಕ್ಕ ಬಿಡಿಸಲು ಅರ್ಥಶಾಸ್ತ್ರಜ್ಞ ಪಾಲ್ ಸ್ಯಾಮ್ಯುಯೆಲ್ಸನ್ 1958ರಲ್ಲಿ ಒಂದು ಸರಳ ಮಾದರಿ ಕೊಟ್ಟರು. ಯಾವ ಕಾಲದಲ್ಲೂ ದುಡಿಯುವ ತಲೆಮಾರು ಮತ್ತು ವಿಶ್ರಾಂತ ತಲೆಮಾರು ಜೊತೆಜೊತೆಗೆ ಬದುಕಿರುತ್ತವೆ. ಇಂದಿನ ದುಡಿಯುವವರೇ ನಾಳೆಯ ವೃದ್ಧರು. ಒಂದರ ಮೇಲೊಂದು ಹಾಸಿದ ಹೆಂಚಿನಂತೆ ತಲೆಮಾರುಗಳು ಸಾಗುತ್ತವೆ.

ಒಂದು ಊರನ್ನು ಊಹಿಸಿಕೊಳ್ಳೋಣ. ನೂರು ಮಂದಿ ದುಡಿಯುತ್ತಾರೆ, ಪ್ರತಿಯೊಬ್ಬರ ಸಂಬಳ 100 ರೂಪಾಯಿ, ಪಿಂಚಣಿಗೆ ಶೇ. 10 ವಂತಿಗೆ. ಸೇರಿದ 1,000 ರೂಪಾಯಿ ಆಗಿನ ವೃದ್ಧರಿಗೆ ಹೋಯಿತು. ಮೂವತ್ತು ವರ್ಷದ ನಂತರ ದುಡಿಯುವವರು 130 ಮಂದಿ, ಸಂಬಳ 150 ರೂಪಾಯಿ. ತಲಾ 15ರಂತೆ 1,950 ರೂಪಾಯಿ ಸೇರುತ್ತದೆ. ಈಗ ವೃದ್ಧರಾಗಿರುವ ಮೊದಲಿನ ನೂರು ಮಂದಿಗೆ ತಲಾ 19.50. ಹತ್ತು ರೂಪಾಯಿ ಕಟ್ಟಿದವರಿಗೆ ಹತ್ತೊಂಬತ್ತೂವರೆ ಬಂತು. ವರ್ಷಕ್ಕೆ ಸುಮಾರು ಶೇ. 2.25 ಪ್ರತಿಫಲ. ಇದು ಯಾವ ಬ್ಯಾಂಕೂ ಕೊಟ್ಟ ಬಡ್ಡಿಯಲ್ಲ. ದುಡಿಯುವವರ ಸಂಖ್ಯೆ ಮತ್ತು ಸಂಬಳ ಬೆಳೆದದ್ದರ ಫಲ. ಮಕ್ಕಳು ಕಡಿಮೆಯಾಗಿ ದುಡಿಯುವವರು 90ಕ್ಕೆ ಇಳಿದಿದ್ದರೆ ಕೈಗೆ ಬರುತ್ತಿದ್ದುದು 13.50 ಮಾತ್ರ, ಪ್ರತಿಫಲ ಶೇ. 1ರ ಆಸುಪಾಸು.

ಅದೇ ಹತ್ತು ರೂಪಾಯಿಯನ್ನು ಹಣದುಬ್ಬರ ಕಳೆದು ಸುಮಾರು ಶೇ. 4.6 ಬಡ್ಡಿ ಸಿಗುವಲ್ಲಿ ಇಟ್ಟಿದ್ದರೆ ಮೂವತ್ತು ವರ್ಷದಲ್ಲಿ 39 ರೂಪಾಯಿ ಆಗುತ್ತಿತ್ತು. ಸರಿಯಾಗಿ ಎರಡರಷ್ಟು. ‘ಹಾಗಾದರೆ ಈ ಯೋಜನೆ ನಿಲ್ಲಿಸಿ, ಅವರವರ ಹಣ ಅವರವರೇ ಕೂಡಿಡಲಿ’ ಎಂದು ಯಾರಿಗಾದರೂ ಅನ್ನಿಸುತ್ತದೆ. ಎಡವುವುದು ಇಲ್ಲಿಯೇ.

ನಷ್ಟವನ್ನು ಕೂಡಿ ನೋಡಿ. ಮೊದಲು ವಂತಿಗೆ ಕಟ್ಟಿದ ತಲೆಮಾರು 1,000 ಕೊಟ್ಟು 1,950 ಪಡೆಯಿತು. ಬಡ್ಡಿಗಿಟ್ಟಿದ್ದರೆ 3,900 ಬರುತ್ತಿತ್ತು. ಅವರ ನಷ್ಟವನ್ನು ಯೋಜನೆ ಶುರುವಾದ ದಿನದ ಮೌಲ್ಯಕ್ಕೆ ಇಳಿಸಿದರೆ 500 ರೂಪಾಯಿ. ಜನಸಂಖ್ಯೆ, ಸಂಬಳ ಹೀಗೇ ಬೆಳೆದರೆ ಎರಡನೇ ತಲೆಮಾರಿನ ನಷ್ಟ ಅದೇ ಮೌಲ್ಯದಲ್ಲಿ 250, ಮೂರನೆಯದು 125. ಹೀಗೆ ಮುಂದುವರಿದು ಎಲ್ಲ ತಲೆಮಾರುಗಳ ನಷ್ಟ ಕೂಡಿದರೆ ಬರುವುದು ಸರಿಯಾಗಿ 1,000 ರೂಪಾಯಿ. ಒಂದು ಪೈಸೆಯನ್ನೂ ಕಟ್ಟದೆ ಮೊದಲ ವೃದ್ಧರು ಪಡೆದದ್ದೂ ಅಷ್ಟೇ.

ಅಂದರೆ ಕಡಿಮೆ ಪ್ರತಿಫಲಕ್ಕೆ ಕಾರಣ ಯೋಜನೆಯ ಹಣ ಎಲ್ಲೋ ಸೋರಿಹೋಗಿರುವುದಲ್ಲ. ಮೊದಲ ತಲೆಮಾರಿಗೆ ಕೊಟ್ಟ ಕೊಡುಗೆಯ ಬಡ್ಡಿಯನ್ನು ಉಳಿದವರೆಲ್ಲ ತೀರಿಸುತ್ತಿದ್ದಾರೆ. ಯೋಜನೆ ನಿಲ್ಲಿಸಿದರೂ ಈಗಾಗಲೇ ವಂತಿಗೆ ಕಟ್ಟಿದವರಿಗೆ ಪಿಂಚಣಿ ಕೊಡಲೇಬೇಕು. ಅದಕ್ಕೆ ಸರ್ಕಾರ ಸಾಲ ಮಾಡಿದರೆ ಆ ಸಾಲದ ಬಡ್ಡಿ ಕಟ್ಟಲು ಹೊಸ ತೆರಿಗೆ ಬೇಕು. ಯುವಕರ ಉಳಿತಾಯಕ್ಕೆ ಸಿಕ್ಕ ಹೆಚ್ಚಿನ ಬಡ್ಡಿಯನ್ನು ಆ ತೆರಿಗೆ ನುಂಗುತ್ತದೆ. ಸಾಲ ಬೇಡವೆಂದರೆ ಒಂದು ತಲೆಮಾರು ತನ್ನ ವೃದ್ಧಾಪ್ಯಕ್ಕೂ ಹಿರಿಯರ ಪಿಂಚಣಿಗೂ ಎರಡು ಸಲ ಹಣ ಹಾಕಬೇಕು.

ಈ ಲೆಕ್ಕಕ್ಕೆ ಒಂದು ಮಿತಿಯಿದೆ. 1966ರಲ್ಲಿ ಹೆನ್ರಿ ಆರನ್ ತೋರಿಸಿದಂತೆ, ದುಡಿಯುವವರ ಸಂಖ್ಯೆ ಮತ್ತು ಸಂಬಳ ಸೇರಿ ಬೆಳೆಯುವ ವೇಗ ಬಡ್ಡಿ ದರವನ್ನು ಮೀರಿದ್ದರೆ ಈ ಪದ್ಧತಿಯಿಂದ ಎಲ್ಲ ತಲೆಮಾರಿಗೂ ಲಾಭವೇ. ಹೋಲಿಕೆಗೆ ಯಾವ ಬಡ್ಡಿ ಹಿಡಿಯುತ್ತೇವೆ ಎಂಬುದೂ ಮುಖ್ಯ. ಷೇರುಪೇಟೆಯ ಸರಾಸರಿ ಲಾಭದ ಪಕ್ಕದಲ್ಲಿ ಪಿಂಚಣಿಯನ್ನಿಟ್ಟು ಷೇರಿನ ಅಪಾಯವನ್ನು ಮರೆತರೆ ಅದು ನ್ಯಾಯದ ತೂಕವಲ್ಲ.

ಎರಡು ಹೊರೆಯ ಈ ಮಾತು ನಮಗೂ ದೂರದ್ದಲ್ಲ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇವೆಗೆ ಸೇರಿದ ಸರ್ಕಾರಿ ನೌಕರರನ್ನು ಎನ್‌ಪಿಎಸ್‌ಗೆ ತರಲಾಯಿತು. ಹಳೆಯ ಪಿಂಚಣಿಗೆ ನೌಕರರ ವಂತಿಗೆ ಇರಲಿಲ್ಲ, ಅದು ಬೊಕ್ಕಸದಿಂದ, ಅಂದರೆ ಆಯಾ ಕಾಲದ ತೆರಿಗೆಯಿಂದ ಬರುತ್ತಿತ್ತು. ಈಗ ಬೊಕ್ಕಸ ಹಳಬರ ಪಿಂಚಣಿಯನ್ನೂ ಕೊಡಬೇಕು, ಹೊಸಬರ ಖಾತೆಗೆ ತನ್ನ ಪಾಲನ್ನೂ ಕಟ್ಟಬೇಕು.

ಆದ್ದರಿಂದ ಹಳೆಯದು ಒಳ್ಳೆಯದೋ ಹೊಸದು ಒಳ್ಳೆಯದೋ ಎಂಬ ಚರ್ಚೆಯಲ್ಲಿ ಯಾರಾದರೂ ಬರೀ ಎರಡು ಬಡ್ಡಿ ದರಗಳನ್ನು ಮುಂದಿಟ್ಟರೆ, ಈಗಾಗಲೇ ಮಾತು ಕೊಟ್ಟಿರುವ ಪಿಂಚಣಿಯ ಹಣ ಯಾವ ತಲೆಮಾರಿನ ಜೇಬಿನಿಂದ ಬರುತ್ತದೆ ಎಂದು ಮೊದಲು ಕೇಳಿ. ಅದಕ್ಕೆ ಉತ್ತರವಿಲ್ಲದ ಯಾವ ಹೋಲಿಕೆಯೂ ಪೂರ್ಣವಲ್ಲ.