ನೀಲಿ ಪಂಪ್ ಎಷ್ಟು ದಿನಕ್ಕೆ ಖಾಲಿಯಾಗುತ್ತದೆ?

ಉಬ್ಬಸ ಬಂದಾಗ ಶ್ವಾಸನಾಳದೊಳಗೆ ಎರಡು ತೊಂದರೆಗಳು ಒಟ್ಟಿಗೆ ನಡೆಯುತ್ತವೆ. ನಾಳವನ್ನು ಸುತ್ತಿಕೊಂಡಿರುವ ಸ್ನಾಯು ಬಿಗಿಯುತ್ತದೆ. ನಾಳದ ಒಳಪದರ ಊದಿಕೊಂಡು ಕೆಂಪಾಗಿ, ಅಂಟು ಕಫ ಸುರಿಸುತ್ತದೆ. ಇದನ್ನು ಉರಿಯೂತ ಎನ್ನುತ್ತಾರೆ. ಬಿಗಿತ ನಿಮಿಷಗಳಲ್ಲಿ ಬಂದು ಹೋಗುವಂಥದ್ದು. ಉರಿಯೂತ ಹಾಗಲ್ಲ, ಉಸಿರು ಸಲೀಸಾಗಿರುವ ದಿನಗಳಲ್ಲೂ ಒಳಗೇ ಇರುತ್ತದೆ. ಬಿಗಿತಕ್ಕೆ ಮೂಲವೂ ಅದೇ. ಅಸ್ತಮಾ ಔಷಧಿಗಳಲ್ಲಿ ಎರಡು ಗುಂಪುಗಳಿರುವುದು ಇದಕ್ಕಾಗಿಯೇ. ನಾಳವನ್ನು ಹಿಗ್ಗಿಸುವವು ಒಂದು ಗುಂಪು, ಉರಿಯೂತವನ್ನು ಹತೋಟಿಯಲ್ಲಿಡುವವು ಇನ್ನೊಂದು. ನಮ್ಮಲ್ಲಿ ಎಷ್ಟೋ ಮಂದಿ ಮೊದಲನೆಯದನ್ನಷ್ಟೇ ನಂಬಿಕೊಂಡು ವರ್ಷಗಟ್ಟಲೆ ಕಳೆಯುತ್ತಾರೆ. ಇದರಿಂದ ಜೀವಕ್ಕೇ ಅಪಾಯವಿದೆ.

ಸಾಮಾನ್ಯವಾಗಿ ನೀಲಿ ಬಣ್ಣದಲ್ಲಿ ಬರುವ ಪಂಪ್‌ನಲ್ಲಿರುವುದು ಸಾಲ್ಬುಟಮಾಲ್. ಶ್ವಾಸನಾಳದ ಸ್ನಾಯುಕೋಶಗಳ ಮೇಲೆ ಬೀಟಾ-2 ಎಂಬ ಗ್ರಾಹಕಗಳಿರುತ್ತವೆ. ಅವು ಇರುವುದು ನಮ್ಮ ದೇಹದ್ದೇ ಆದ ಅಡ್ರಿನಲಿನ್‌ಗಾಗಿ. ಸಾಲ್ಬುಟಮಾಲ್ ಅಲ್ಲಿ ಹೋಗಿ ಕೂತರೆ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ರಾಸಾಯನಿಕ ಹೆಚ್ಚುತ್ತದೆ, ಕ್ಯಾಲ್ಸಿಯಂ ಇಳಿಯುತ್ತದೆ, ಸ್ನಾಯು ಸಡಿಲವಾಗುತ್ತದೆ. ಸುಮಾರು ಐದು ನಿಮಿಷದಲ್ಲಿ ಎದೆ ಹಗುರಾಗುತ್ತದೆ. ಪರಿಣಾಮ ನಾಲ್ಕರಿಂದ ಆರು ಗಂಟೆ ಉಳಿಯುತ್ತದೆ. ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು ಅದೇ ಗ್ರಾಹಕಗಳು ಬೇರೆಡೆಯೂ ಇರುವುದರ ಫಲ. ಪಂಪ್‌ಗೆ ಹೆದರಿ ಮಾತ್ರೆ ನುಂಗುವವರು ಒಂದು ಲೆಕ್ಕ ನೋಡಬೇಕು. ಪಂಪ್‌ ಒಮ್ಮೆ ಒತ್ತಿದರೆ ಬರುವುದು 100 ಮೈಕ್ರೋಗ್ರಾಂ. ಒಂದು 4 ಮಿಲಿಗ್ರಾಂ ಮಾತ್ರೆಯಲ್ಲಿ ಅದರ 40 ಪಟ್ಟು ಔಷಧಿ ಇರುತ್ತದೆ, ಅದು ಮೈಯೆಲ್ಲಾ ಸುತ್ತುತ್ತದೆ.

ನಾಳ ಹಿಗ್ಗಿಸುವ ಬೇರೆ ಔಷಧಿಗಳೂ ಇವೆ. ಇಪ್ರಟ್ರೋಪಿಯಂ, ಟಿಯೋಟ್ರೋಪಿಯಂ ನಾಳವನ್ನು ಬಿಗಿಯಲು ನರ ಕಳಿಸುವ ಸಂದೇಶವನ್ನು ತಡೆಯುತ್ತವೆ. ಹಳೆಯ ಥಿಯೋಫಿಲಿನ್ ಮಾತ್ರೆ ಸೈಕ್ಲಿಕ್ ಎಎಂಪಿ ಒಡೆಯದಂತೆ ನೋಡಿಕೊಳ್ಳುತ್ತದೆ. ಆದರೆ ಅದರ ಗುಣ ಕೊಡುವ ಪ್ರಮಾಣಕ್ಕೂ ವಾಂತಿ, ಎದೆಬಡಿತ, ಫಿಟ್ಸ್ ತರುವ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ. ಅಗ್ಗ ಎಂಬ ಒಂದೇ ಕಾರಣಕ್ಕೆ ಅದನ್ನೇ ಮೊದಲ ಔಷಧಿಯಾಗಿ ಕೊಡುವುದು ನನಗೆ ಒಪ್ಪಿಗೆಯಿಲ್ಲ.

ಇವು ಯಾವುವೂ ಒಳಪದರದ ಊತವನ್ನು ಇಳಿಸುವುದನ್ನು ನಂಬಿ ಕೂರುವಂತಿಲ್ಲ. ಆ ಕೆಲಸ ಮುಖ್ಯವಾಗಿ ಸೇದುವ ಸ್ಟೀರಾಯ್ಡ್‌ನದು: ಬುಡೆಸೊನೈಡ್, ಬೆಕ್ಲೊಮೆಥಸೋನ್, ಫ್ಲುಟಿಕಸೋನ್. ಸ್ಟೀರಾಯ್ಡ್ ಕೋಶದ ಒಳಕ್ಕೇ ಇಳಿದು, ಅಲ್ಲಿರುವ ಗ್ರಾಹಕದೊಂದಿಗೆ ಸೇರಿ, ಕೋಶಕೇಂದ್ರಕ್ಕೆ ಹೋಗುತ್ತದೆ. ಉರಿಯೂತದ ರಾಸಾಯನಿಕಗಳನ್ನು ತಯಾರಿಸುವ ಜೀನ್‌ಗಳನ್ನು ಅಲ್ಲಿ ತಣ್ಣಗಾಗಿಸುತ್ತದೆ. ಇಯೋಸಿನೊಫಿಲ್ ಎಂಬ ರಕ್ತಕಣಗಳು ನಾಳಕ್ಕೆ ಮುತ್ತುವುದು ಕಡಿಮೆಯಾಗುತ್ತದೆ, ಕಫ ಇಳಿಯುತ್ತದೆ. ಜೀನ್ ಮಟ್ಟದ ಕೆಲಸವಾದ್ದರಿಂದ ಸೇದಿದ ತಕ್ಷಣ ಏನೂ ಗೊತ್ತಾಗುವುದಿಲ್ಲ. ಕೆಲವು ದಿನಗಳಲ್ಲಿ ರಾತ್ರಿಯ ಕೆಮ್ಮು ತಗ್ಗುತ್ತದೆ. ನಾಳದ ಅತಿಸೂಕ್ಷ್ಮತೆ ಇಳಿಯಲು ವಾರ, ತಿಂಗಳುಗಳೇ ಬೇಕು. ‘ಇದು ಕೆಲಸ ಮಾಡಲ್ಲ’ ಎಂದು ಜನ ಇದನ್ನು ಬಿಟ್ಟು ನೀಲಿ ಪಂಪ್ ಹಿಡಿಯುವುದು ಈ ನಿಧಾನದಿಂದಾಗಿಯೇ.

ಅಲರ್ಜಿಯ ಮೂಗು ಸೋರುವಿಕೆಯೂ ಇದ್ದವರಿಗೆ ಮಾಂಟೆಲುಕಾಸ್ಟ್ ಮಾತ್ರೆ ಕೊಡುತ್ತಾರೆ. ಅದು ಲ್ಯೂಕೋಟ್ರೈನ್ ಎಂಬ ಒಂದು ರಾಸಾಯನಿಕವನ್ನಷ್ಟೇ ತಡೆಯುವುದರಿಂದ ಸ್ಟೀರಾಯ್ಡ್‌ನಷ್ಟು ಬಲವಿಲ್ಲ. ಕೆಲವರಲ್ಲಿ ಕೆಟ್ಟ ಕನಸು, ಖಿನ್ನತೆ, ಮಕ್ಕಳಲ್ಲಿ ಸ್ವಭಾವದ ಬದಲಾವಣೆ ಕಂಡಿದ್ದರಿಂದ ಅಮೆರಿಕದ ಔಷಧ ನಿಯಂತ್ರಕರು 2020ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದರು. ತೀವ್ರ ಅಸ್ತಮಾದವರಿಗೆ ಒಮಾಲಿಜುಮಾಬ್‌ನಂಥ ದುಬಾರಿ ಚುಚ್ಚುಮದ್ದುಗಳಿವೆ.

ಈಗ ಒಂದು ಉದಾಹರಣೆ ಲೆಕ್ಕ ಹಾಕೋಣ. ಮೂವತ್ನಾಲ್ಕು ವರ್ಷದ ಒಬ್ಬ ಶಿಕ್ಷಕಿ ದಿನಕ್ಕೆ ನಾಲ್ಕು ಸಲ ನೀಲಿ ಪಂಪ್ ಒತ್ತುತ್ತಾರೆ ಎಂದುಕೊಳ್ಳಿ. ಒಂದು ಪಂಪ್‌ನಲ್ಲಿ 200 ಡೋಸ್. ಐವತ್ತು ದಿನಕ್ಕೆ ಒಂದು ಖಾಲಿ, ವರ್ಷಕ್ಕೆ ಏಳು. ತಮಗೆ ಅಸ್ತಮಾ ‘ಸ್ವಲ್ಪ’ ಎಂದೇ ಅವರು ನಂಬಿದ್ದಾರೆ. ಆದರೆ ವರ್ಷಕ್ಕೆ ಮೂರು ಅಥವಾ ಹೆಚ್ಚು ಪಂಪ್ ಖಾಲಿಯಾಗುವವರಲ್ಲಿ ಆಸ್ಪತ್ರೆ ಸೇರುವಂಥ ಉಲ್ಬಣ ಹೆಚ್ಚು. ತಿಂಗಳಿಗೊಂದು ಖಾಲಿಯಾದರೆ ಸಾವಿನ ಸಂಭವವೂ ಹೆಚ್ಚು. ಉಸಿರಿನ ಪರೀಕ್ಷೆಯಲ್ಲಿ ಮೊದಲ ಸೆಕೆಂಡಿನಲ್ಲಿ ಅವರು ಊದುವುದು 1.6 ಲೀಟರ್. ನಾಲ್ಕು ಪಫ್ ಸಾಲ್ಬುಟಮಾಲ್ ಕೊಟ್ಟು ಹದಿನೈದು ನಿಮಿಷ ಬಿಟ್ಟರೆ 1.95 ಲೀಟರ್. ಏರಿಕೆ 350 ಮಿಲಿಲೀಟರ್, ಅಂದರೆ ಶೇಕಡ 22ರಷ್ಟು. ಶೇಕಡ 12 ಮತ್ತು 200 ಮಿಲಿಲೀಟರ್ ದಾಟಿದರೆ ವೈದ್ಯರು ಅದನ್ನು ಅಸ್ತಮಾದ ಗುರುತಾಗಿ ಕಾಣುತ್ತಾರೆ. ಏಳು ಪಂಪ್ ಮುಗಿಸಿಯೂ ನಾಳ ಇನ್ನೂ ಬಿಗಿದೇ ಇದೆ, ಏಕೆಂದರೆ ಊತಕ್ಕೆ ಯಾರೂ ಕೈಹಾಕಿಲ್ಲ. ಮೇಲಾಗಿ, ದಿನನಿತ್ಯ ಒಂದೇ ಸಮ ಹಾಕುತ್ತಿದ್ದರೆ ಬೀಟಾ-2 ಗ್ರಾಹಕಗಳು ಮಂಕಾಗಿ ಔಷಧಿಯ ಫಲವೂ ತಗ್ಗುತ್ತದೆ.

ಇದರ ಕಹಿ ಪಾಠ ನ್ಯೂಜಿಲೆಂಡ್‌ನಲ್ಲಿ ಸಿಕ್ಕಿತು. 1976ರಲ್ಲಿ ಅಲ್ಲಿ ಫೆನೊಟೆರಾಲ್ ಎಂಬ ಪ್ರಬಲ ನಾಳ ಹಿಗ್ಗಿಸುವ ಪಂಪ್ ಬಂತು, ಬೆನ್ನಿಗೇ ಯುವಜನರ ಅಸ್ತಮಾ ಸಾವುಗಳು ಏರಿದವು. 1989ರಲ್ಲಿ ಸಂಶೋಧಕರು ಆ ಔಷಧಿಯತ್ತ ಬೊಟ್ಟು ಮಾಡಿದರು. ಬಳಕೆ ನಿರ್ಬಂಧಿಸಿದ ಮೇಲೆ ಸಾವು ಇಳಿದವು. ಹನ್ನೆರಡು ಗಂಟೆ ಕೆಲಸ ಮಾಡುವ ಸಾಲ್ಮೆಟೆರಾಲ್, ಫಾರ್ಮೊಟೆರಾಲ್‌ಗಳನ್ನೂ ಅಸ್ತಮಾದಲ್ಲಿ ಸ್ಟೀರಾಯ್ಡ್ ಜೊತೆಗಿಲ್ಲದೆ ಕೊಡಕೂಡದು ಎಂಬ ನಿಯಮ ಇಂಥ ಅನುಭವದಿಂದಲೇ ಗಟ್ಟಿಯಾದದ್ದು. ಇತ್ತ ಕೆನಡಾದ ಸಸ್ಕಾಚೆವನ್ ಪ್ರಾಂತ್ಯದ ದಾಖಲೆಗಳನ್ನು ಶೋಧಿಸಿ 2000ದಲ್ಲಿ ಪ್ರಕಟವಾದ ಅಧ್ಯಯನ, ಸೇದುವ ಸ್ಟೀರಾಯ್ಡ್ ವರ್ಷದಲ್ಲಿ ಒಂದೊಂದು ಪಂಪ್ ಹೆಚ್ಚಿದಂತೆ ಸಾವಿನ ಪ್ರಮಾಣ ಶೇಕಡ 21ರಷ್ಟು ಇಳಿದದ್ದನ್ನು ತೋರಿಸಿತು.

ಹೀಗಾಗಿ ಅಸ್ತಮಾದ ಜಾಗತಿಕ ಮಾರ್ಗಸೂಚಿ ರೂಪಿಸುವ ‘ಗಿನಾ’ 2019ರಲ್ಲಿ ದೊಡ್ಡವರಿಗೆ ಮತ್ತು ಹದಿಹರೆಯದವರಿಗೆ ನೀಲಿ ಪಂಪ್ ಒಂದನ್ನೇ ಕೊಡುವುದನ್ನು ಕೈಬಿಟ್ಟಿತು. ಅದರ ಬದಲಿಗೆ ಬುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಸೇರಿದ ಒಂದೇ ಇನ್ಹೇಲರ್. ಫಾರ್ಮೊಟೆರಾಲ್ ಮೂರೇ ನಿಮಿಷದೊಳಗೆ ಕೆಲಸ ಶುರುಮಾಡಿ ದೀರ್ಘಕಾಲ ಉಳಿಯುತ್ತದೆ. ಪ್ರತಿ ಸಲ ಉಬ್ಬಸಕ್ಕೆ ಸೇದಿದಾಗಲೂ ಜೊತೆಗೆ ಒಂದಿಷ್ಟು ಸ್ಟೀರಾಯ್ಡ್ ಹೋಗುತ್ತದೆ. ನಮ್ಮ ಶಿಕ್ಷಕಿಗೆ ವೈದ್ಯರು ಬೆಳಿಗ್ಗೆ ಒಂದು, ರಾತ್ರಿ ಒಂದು, ಬೇಕೆನಿಸಿದಾಗ ಇನ್ನೊಂದು ಎಂದು ಬರೆಯಬಹುದು. ಸಾಲ್ಮೆಟೆರಾಲ್ ಇರುವ ಜೋಡಿ ಪಂಪ್ ನಿಧಾನಿ. ಅದನ್ನು ಹೀಗೆ ಬೇಕೆಂದಾಗ ಬಳಸುವಂತಿಲ್ಲ.

ಸ್ಟೀರಾಯ್ಡ್ ಎಂದರೆ ಹಿಂಜರಿಯುವವರಿಗೆ ಒಂದು ಮಾತು. ಸೇದುವ ಪ್ರಮಾಣ ಮೈಕ್ರೋಗ್ರಾಂಗಳಲ್ಲಿ, ನುಂಗುವ ಸ್ಟೀರಾಯ್ಡ್ ಮಿಲಿಗ್ರಾಂಗಳಲ್ಲಿ. ಕಡಿಮೆ ಪ್ರಮಾಣದಲ್ಲಿ ಸೇದಿದರೆ ಮುಖ್ಯ ಕಿರಿಕಿರಿ ಗಂಟಲಲ್ಲಿ: ಸ್ವರ ಒರಟಾಗುವುದು, ನಾಲಿಗೆಯ ಮೇಲೆ ಬಿಳಿ ಬೂಷ್ಟು. ಸೇದಿದ ಮೇಲೆ ನೀರಿನಲ್ಲಿ ಬಾಯಿ ಮುಕ್ಕಳಿಸಿ ಉಗುಳಿದರೆ, ಪಂಪ್‌ಗೆ ಸ್ಪೇಸರ್ ಜೋಡಿಸಿದರೆ ಬಹುಪಾಲು ತಪ್ಪುತ್ತದೆ. ಔಷಧಿ ಫಲಿಸದಿದ್ದಾಗ ಮೊದಲು ನೋಡಬೇಕಾದ್ದು ಸೇದುವ ರೀತಿ. ಪಂಪ್ ಆದರೆ ಒತ್ತುತ್ತಲೇ ನಿಧಾನವಾಗಿ, ಆಳವಾಗಿ ಎಳೆದು ಹತ್ತು ಸೆಕೆಂಡ್ ಉಸಿರು ಹಿಡಿಯಬೇಕು. ಪುಡಿಯ ಕ್ಯಾಪ್ಸೂಲ್ ಸಾಧನವಾದರೆ ಜೋರಾಗಿ ಎಳೆಯಬೇಕು. ಇವೆರಡನ್ನು ಅದಲುಬದಲು ಮಾಡಿದರೆ ಔಷಧಿ ಗಂಟಲಲ್ಲೇ ಉಳಿಯುತ್ತದೆ.

ಒಂದು ವಾಕ್ಯ ಪೂರ್ತಿ ಮಾತಾಡಲಾಗದಷ್ಟು ಉಸಿರು ಸಿಕ್ಕಿಕೊಂಡರೆ, ತುಟಿ ನೀಲಿಗಟ್ಟಿದರೆ, ಪಂಪ್ ಹಾಕಿಯೂ ತಗ್ಗದಿದ್ದರೆ ಕಾಯದೆ ಆಸ್ಪತ್ರೆಗೆ ಹೊರಡಿ. ದಾರಿಯಲ್ಲಿ ಪಂಪ್ ಮತ್ತೆ ಮತ್ತೆ ಬಳಸುವುದು ತಪ್ಪಲ್ಲ. ಉಳಿದ ದಿನಗಳಲ್ಲಿ, ಖಾಲಿಯಾದ ನೀಲಿ ಪಂಪ್‌ಗಳನ್ನು ಎಸೆಯುವ ಮುನ್ನ ಎಣಿಸಿಡಿ. ವರ್ಷಕ್ಕೆ ಮೂರಾಗುತ್ತಿದ್ದರೆ ಅವನ್ನೇ ಕೈಯಲ್ಲಿ ಹಿಡಿದುಕೊಂಡು ವೈದ್ಯರ ಬಳಿ ಹೋಗಿ, ನನಗೆ ಸೇದುವ ಸ್ಟೀರಾಯ್ಡ್ ಯಾಕೆ ಕೊಟ್ಟಿಲ್ಲ ಎಂದು ಕೇಳಿ.