ಮೇಲ್ ಬರೆಯುವಾಗ ಯಾರ ವಿಳಾಸ ಯಾವ ಸಾಲಿನಲ್ಲಿ?

ಕಳೆದ ವರ್ಷ ನಾನೊಂದು ತಪ್ಪು ಮಾಡಿದೆ. ಹಳೆಯ ವಿದ್ಯಾರ್ಥಿಗಳು ಜಕಾತ್ ಹಣ ಕೂಡಿಸಿ ನಡೆಸುವ ಒಂದು ಶುಲ್ಕ ಸಹಾಯ ನಿಧಿಗೆ ನಾನು ಟೈಪಿಂಗ್ ಕೆಲಸ ಮಾಡಿಕೊಡುತ್ತಿದ್ದೆ. ಅರ್ಜಿ ಹಾಕಿದವರಲ್ಲಿ 9 ಮಂದಿಯ ಆದಾಯ ಪ್ರಮಾಣಪತ್ರ ಬಂದಿರಲಿಲ್ಲ. ಅವರಿಗೆ ನೆನಪಿಸಿ ಒಂದು ಮೇಲ್ ಹಾಕು ಎಂದರು ಉಸ್ತುವಾರಿ ಸರ್. ನಾನು 9 ವಿಳಾಸಗಳನ್ನೂ To ಸಾಲಿನಲ್ಲಿ ಸಾಲಾಗಿ ಹಾಕಿ ಕಳಿಸಿಬಿಟ್ಟೆ.

ಅರ್ಧ ಗಂಟೆಯೊಳಗೆ ಒಬ್ಬರಿಂದ ಉತ್ತರ ಬಂತು. ತಂದೆಯ ಕೆಲಸ ಹೋಗಿದೆ, ನಾಡಕಚೇರಿಗೆ ಹೋಗಲು ಯಾರೂ ಇಲ್ಲ, ಒಂದು ವಾರ ಸಮಯ ಕೊಡಿ ಎಂದು ಬರೆದಿದ್ದರು. ಆ ಉತ್ತರ ನನಗೆ ಮಾತ್ರ ಬಂದಿರಲಿಲ್ಲ. ಅವರು Reply all ಒತ್ತಿದ್ದರು, ಹಾಗಾಗಿ ಉಳಿದ 8 ಮಂದಿಗೂ ಹೋಗಿತ್ತು. ತಮ್ಮ ಹೆಸರು ಈ ಪಟ್ಟಿಯಲ್ಲಿದೆ ಎಂದು ಯಾರಿಗೂ ಹೇಳದೆ ಇದ್ದವರಿಗೆ, ಪಟ್ಟಿಯಲ್ಲಿ ತಮ್ಮ ಜೊತೆ ಇನ್ಯಾರಿದ್ದಾರೆ ಎಂಬುದೂ ಗೊತ್ತಾಯಿತು. ಜಕಾತ್ ಕೊಡುವಾಗ ತೆಗೆದುಕೊಳ್ಳುವವರ ತಲೆ ತಗ್ಗಬಾರದು ಎಂದು ನಮ್ಮ ಮನೆಯಲ್ಲಿ ಅಮ್ಮಿ ಯಾವಾಗಲೂ ಹೇಳುತ್ತಾರೆ. ಆ ದಿನ ನಾನು 9 ಮಂದಿಯ ತಲೆ ತಗ್ಗಿಸಿದ್ದೆ.

ಉತ್ತರಿಸಿದವರದು ತಪ್ಪಲ್ಲ. ವಿಳಾಸಗಳನ್ನು ಎಲ್ಲರಿಗೂ ಕಾಣುವಂತೆ ಇಟ್ಟವರು ನಾವು. ಆಮೇಲೆ ಈ ಮೂರು ಸಾಲುಗಳ ಲೆಕ್ಕವನ್ನು ಸರಿಯಾಗಿ ಕಲಿತೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೂರು ಸಾಲು, ಮೂರು ಪ್ರಶ್ನೆ

Cc ಎಂದರೆ ಕಾರ್ಬನ್ ಕಾಪಿ. ಟೈಪ್‌ರೈಟರ್ ಕಾಲದಲ್ಲಿ ಎರಡು ಹಾಳೆಗಳ ನಡುವೆ ಕಾರ್ಬನ್ ಕಾಗದ ಇಟ್ಟು ಒಂದೇ ಸಲಕ್ಕೆ ಪ್ರತಿ ತೆಗೆಯುತ್ತಿದ್ದರು. ನಮ್ಮ ಕಚೇರಿ ಪತ್ರಗಳಲ್ಲಿ ಈಗಲೂ ಆ ಪದ್ಧತಿಯ ಗುರುತು ಇದೆ. ನೋಟಿಸ್ ಬೋರ್ಡಿನಲ್ಲಿರುವ ಯಾವುದಾದರೂ ಸುತ್ತೋಲೆ ನೋಡಿ. ಮೇಲೆ ‘ಇವರಿಗೆ’ ಎಂದು ಒಬ್ಬರ ಹೆಸರು ಅಥವಾ ಹುದ್ದೆ ಇರುತ್ತದೆ. ಕೆಳಗೆ ಸಹಿಯಾದ ಮೇಲೆ ‘ಪ್ರತಿ’ ಎಂದು ಬರೆದು, ಒಂದೊಂದು ಹೆಸರಿನ ಮುಂದೆ ‘ಮಾಹಿತಿಗಾಗಿ’ ಎಂದಿರುತ್ತದೆ. ‘ಇವರಿಗೆ’ ಎಂಬುದೇ ಮೇಲ್‌ನ To, ‘ಪ್ರತಿ, ಮಾಹಿತಿಗಾಗಿ’ ಎಂಬುದೇ Cc.

ಹಾಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರೇ. ಈ ಮೇಲ್ ಓದಿ ಕೆಲಸ ಮಾಡಬೇಕಾದವರು ಯಾರು? ಅವರು To. ಕೆಲಸ ಮಾಡಬೇಕಿಲ್ಲ, ಆದರೆ ವಿಷಯ ತಿಳಿದಿರಬೇಕಾದವರು ಯಾರು? ಅವರು Cc. ಮೇಲ್ ತಲುಪಬೇಕು, ಆದರೆ ಹೆಸರು, ವಿಳಾಸ ಬೇರೆಯವರಿಗೆ ಕಾಣಬಾರದು ಎನ್ನುವವರು ಯಾರು? ಅವರು Bcc. ಇಲ್ಲಿ B ಎಂದರೆ ಬ್ಲೈಂಡ್, ಅಂದರೆ ಕಣ್ಣಿಗೆ ಬೀಳದ ಪ್ರತಿ.

Bcc ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಅಂಚೆಯ ಉದಾಹರಣೆ ಸಾಕು. ಪತ್ರದ ಹಾಳೆಯ ಮೇಲೆ ಒಂದು ವಿಳಾಸ ಬರೆದಿರುತ್ತೇವೆ, ಲಕೋಟೆಯ ಮೇಲೆ ಇನ್ನೊಮ್ಮೆ ಬರೆಯುತ್ತೇವೆ. ಅಂಚೆಯವರು ನೋಡುವುದು ಲಕೋಟೆಯನ್ನು ಮಾತ್ರ. To ಮತ್ತು Cc ವಿಳಾಸಗಳು ಹಾಳೆಯ ಮೇಲೂ ಇರುತ್ತವೆ, ಲಕೋಟೆಯ ಮೇಲೂ ಇರುತ್ತವೆ. Bcc ವಿಳಾಸ ಲಕೋಟೆಯ ಮೇಲೆ ಮಾತ್ರ ಇರುತ್ತದೆ. ಹಾಗಾಗಿ ಮೇಲ್ ತೆರೆದವರಿಗೆ ಅದು ಕಾಣುವುದಿಲ್ಲ. ಯಾರಾದರೂ Reply all ಒತ್ತಿದರೂ ಉತ್ತರ ಕಳಿಸಿದವರಿಗೆ, To ಮತ್ತು Cc ಯಲ್ಲಿರುವವರಿಗೆ ಹೋಗುತ್ತದೆ, Bcc ಯಲ್ಲಿರುವ ಇತರರಿಗೆ ಹೋಗುವುದಿಲ್ಲ.

9 ಮಂದಿಯ ಮೇಲ್ ಹೀಗಿರಬೇಕಿತ್ತು

To ಸಾಲಿನಲ್ಲಿ ನಿಧಿಯ ಸ್ವಂತ ವಿಳಾಸ. Cc ಖಾಲಿ. Bcc ಯಲ್ಲಿ 9 ವಿದ್ಯಾರ್ಥಿಗಳು.

ವಿಳಾಸ ಸರಿಪಡಿಸಿದರೆ ಮುಗಿಯಲಿಲ್ಲ, ಮಾತೂ ಬದಲಾಗಬೇಕು. Bcc ಯಲ್ಲಿ ಬಂದ ಮೇಲ್ ತೆರೆದರೆ To ಸಾಲಿನಲ್ಲಿ ತನ್ನ ಹೆಸರೇ ಇರುವುದಿಲ್ಲ. ಜಾಹೀರಾತು ಎಂದುಕೊಂಡು ಬಿಟ್ಟುಬಿಡುವವರು ಇದ್ದಾರೆ. ಆದ್ದರಿಂದ ಈ ಮೇಲ್ ತನಗೇಕೆ ಬಂತು, ಉತ್ತರ ಯಾರಿಗೆ ಹೋಗುತ್ತದೆ ಎಂಬ ಎರಡು ಮಾತು ಮೊದಲೇ ಇರಬೇಕು. ನಾನು ಈಗ ಬರೆಯುವುದಾದರೆ ಹೀಗೆ ಬರೆಯುತ್ತೇನೆ:

“ವಿಷಯ: ಅರ್ಜಿಯ ಜೊತೆ ಸಲ್ಲಿಸಬೇಕಾದ ಒಂದು ದಾಖಲೆ, ಕೊನೆಯ ದಿನ ಶುಕ್ರವಾರ

ಅಸ್ಸಲಾಮು ಅಲೈಕುಮ್ / ನಮಸ್ಕಾರ. ನೀವು ಸಲ್ಲಿಸಿದ ಅರ್ಜಿ ತಲುಪಿದೆ. ಆದಾಯ ಪ್ರಮಾಣಪತ್ರ ಇನ್ನೂ ಬಂದಿಲ್ಲವಾದ್ದರಿಂದ ಈ ಮೇಲ್ ನಿಮಗೆ ಬಂದಿದೆ. ಅದರ ಫೋಟೋ ಅಥವಾ ಸ್ಕ್ಯಾನ್ ಪ್ರತಿಯನ್ನು ಶುಕ್ರವಾರದೊಳಗೆ ಇದೇ ಮೇಲ್‌ಗೆ ಉತ್ತರವಾಗಿ ಕಳಿಸಿ. ನಿಮ್ಮ ವಿಳಾಸ ಬೇರೆ ಯಾರಿಗೂ ಕಾಣುವುದಿಲ್ಲ. ನಿಮ್ಮ ಉತ್ತರ ನಿಧಿಯ ವಿಳಾಸಕ್ಕೆ ಮಾತ್ರ ಬರುತ್ತದೆ. ಸಮಯ ಬೇಕಿದ್ದರೆ ಅದನ್ನೂ ಬರೆಯಿರಿ.”

ಇಲ್ಲಿ ಯಾರ ಹೆಸರೂ ಇಲ್ಲ. ‘ಕೆಳಗಿನ ವಿದ್ಯಾರ್ಥಿಗಳು’ ಎಂದು ಪಟ್ಟಿಯೂ ಇಲ್ಲ. ವಿಷಯದ ಸಾಲಿನಲ್ಲಿ ‘ಶುಲ್ಕ ಸಹಾಯ’ ಎಂಬ ಪದವನ್ನೂ ಬಿಟ್ಟಿದ್ದೇನೆ, ಏಕೆಂದರೆ ಮೊಬೈಲ್ ಪರದೆಯ ಮೇಲೆ ವಿಷಯದ ಸಾಲು ಪಕ್ಕದಲ್ಲಿ ಕೂತವರಿಗೂ ಕಾಣುತ್ತದೆ. ಇನ್ನೊಂದು ಮಾತು: Bcc ಮುಚ್ಚುವುದು ವಿಳಾಸವನ್ನು ಮಾತ್ರ. 9 ಮಂದಿಯ ಹೆಸರಿರುವ ಎಕ್ಸೆಲ್ ಫೈಲನ್ನು ಅದೇ ಮೇಲ್‌ಗೆ ಲಗತ್ತಿಸಿದರೆ Bcc ಹಾಕಿದ್ದಕ್ಕೆ ಅರ್ಥವೇ ಇಲ್ಲ.

ಪ್ರತಿಯೊಬ್ಬರಿಗೂ ಹೇಳಬೇಕಾದ ಮಾತು ಬೇರೆ ಬೇರೆಯಾಗಿದ್ದರೆ Bcc ಕೂಡ ಬೇಡ. ಒಬ್ಬರ ಬ್ಯಾಂಕ್ ಖಾತೆ ಸಂಖ್ಯೆ ತಪ್ಪಿದೆ, ಇನ್ನೊಬ್ಬರ ಅಂಕಪಟ್ಟಿ ಇಲ್ಲ ಎಂದಾದರೆ ಒಬ್ಬೊಬ್ಬರಿಗೂ ಹೆಸರು ಹಾಕಿ ಪ್ರತ್ಯೇಕ ಮೇಲ್ ಬರೆಯುವುದೇ ದಾರಿ. 9 ಮೇಲ್‌ಗೆ ಇಪ್ಪತ್ತು ನಿಮಿಷ ಹಿಡಿದರೆ ಹಿಡಿಯಲಿ.

ಕಚೇರಿಗೆ ಬರೆಯುವ ಮೇಲ್

ದಾಖಲೆಗಳು ಬಂದ ಮೇಲೆ ಮುಂದಿನ ಮೇಲ್ ಕಾಲೇಜಿನ ಲೆಕ್ಕ ವಿಭಾಗಕ್ಕೆ. ಇಲ್ಲಿ ಮರೆಮಾಡುವ ಪ್ರಶ್ನೆ ಇಲ್ಲ, ಕೆಲಸ ಆಗಬೇಕು. To: ಲೆಕ್ಕ ವಿಭಾಗದ ಗುಮಾಸ್ತರು. Cc: ಉಸ್ತುವಾರಿ ಸರ್. ಮೇಲ್‌ನ ಮಾತೆಲ್ಲ To ಯಲ್ಲಿರುವವರಿಗೇ ನೇರವಾಗಿರಬೇಕು. Cc ಯಲ್ಲಿರುವವರನ್ನು ಒಂದು ವಾಕ್ಯದಲ್ಲಿ, ಬೇರೆಯವರ ಬಗ್ಗೆ ಹೇಳುವ ಹಾಗೆ ಹೇಳಬೇಕು:

“ಮಾನ್ಯರೇ, 9 ಅರ್ಜಿಗಳ ದಾಖಲೆಗಳನ್ನು ಇಂದು ಲಕೋಟೆಯಲ್ಲಿ ನಿಮ್ಮ ಮೇಜಿಗೆ ತಲುಪಿಸಿದ್ದೇವೆ. ದಯವಿಟ್ಟು ಪರಿಶೀಲಿಸಿ, ಸರಿಯಿಲ್ಲದ ಅರ್ಜಿಗಳ ಸಂಖ್ಯೆಯನ್ನು ಬುಧವಾರದೊಳಗೆ ತಿಳಿಸಿ. ಉಸ್ತುವಾರಿ ಉಪನ್ಯಾಸಕರ ಮಾಹಿತಿಗಾಗಿ ಇದರ ಪ್ರತಿಯನ್ನು ಅವರಿಗೂ ಕಳಿಸಿದ್ದೇನೆ.”

ಆ ಕೊನೆಯ ವಾಕ್ಯ ಇರುವುದರಿಂದ ಗುಮಾಸ್ತರಿಗೆ ಸರ್ ಏಕೆ ಇಲ್ಲಿದ್ದಾರೆ ಎಂಬ ಅನುಮಾನ ಬರುವುದಿಲ್ಲ, ಸರ್‌ಗೂ ತಾನು ಏನೂ ಮಾಡಬೇಕಿಲ್ಲ ಎಂದು ತಿಳಿಯುತ್ತದೆ. ಒಂದು ವೇಳೆ ಸರ್ ಸಹಿ ಹಾಕಬೇಕು ಎಂದಾದರೆ ಅವರು Cc ಯಲ್ಲಿ ಇರಬಾರದು. Cc ಯಲ್ಲಿ ಬಂದ ಮೇಲನ್ನು ಜನ ನಿಧಾನವಾಗಿ ಓದುತ್ತಾರೆ, ಕೆಲವರು ಓದುವುದೇ ಇಲ್ಲ. ಕೆಲಸ ಇರುವವರನ್ನು To ಗೆ ತರಬೇಕು.

To ಯಲ್ಲಿ ಇಬ್ಬರಿದ್ದರೆ ಇನ್ನೊಂದು ತೊಂದರೆ. ‘ದಯವಿಟ್ಟು ಪರಿಶೀಲಿಸಿ’ ಎಂದಷ್ಟೇ ಬರೆದರೆ ಅವರು ಮಾಡುತ್ತಾರೆ ಎಂದು ಇವರು, ಇವರು ಮಾಡುತ್ತಾರೆ ಎಂದು ಅವರು ಸುಮ್ಮನಿರುತ್ತಾರೆ. ಆಗ ಹೀಗೆ ಹಂಚಿ ಬರೆಯಬೇಕು: “ಗುಮಾಸ್ತರು ದಾಖಲೆ ಪರಿಶೀಲಿಸಬೇಕೆಂದೂ, ಉಸ್ತುವಾರಿ ಸರ್ ಗುರುವಾರ ಸಹಿ ಮಾಡಬೇಕೆಂದೂ ಕೋರುತ್ತೇನೆ.” ಒಬ್ಬೊಬ್ಬರಿಗೂ ಒಂದೊಂದು ಕ್ರಿಯಾಪದ ಸಿಗದಿದ್ದರೆ, ಕ್ರಿಯಾಪದ ಇಲ್ಲದವರು Cc ಗೆ ಸೇರಿದವರು ಎಂದು ತಿಳಿಯಬಹುದು.

ಪ್ರಾಂಶುಪಾಲರನ್ನು ಯಾವಾಗ ಸೇರಿಸಬೇಕು?

ಮೊದಲ ಮೇಲ್‌ಗೇ ಪ್ರಾಂಶುಪಾಲರನ್ನು Cc ಯಲ್ಲಿ ಹಾಕಿದರೆ ಗುಮಾಸ್ತರಿಗೆ ಅದು ದೂರಿನ ಹಾಗೆ ಕಾಣುತ್ತದೆ. ಮೊದಲ ಮೇಲ್, ನಂತರ ಒಂದು ನೆನಪಿನ ಮೇಲ್, ಎರಡಕ್ಕೂ ಉತ್ತರ ಬಾರದಿದ್ದರೆ ಮೂರನೆಯದಕ್ಕೆ ಸೇರಿಸಬಹುದು. ಆಗ ಮಾತು ಇನ್ನೂ ಮೆತ್ತಗಿರಬೇಕು: “ಶುಲ್ಕ ಕಟ್ಟಲು ಸೋಮವಾರ ಕೊನೆಯ ದಿನವಾದ್ದರಿಂದ ಪ್ರಾಂಶುಪಾಲರ ಗಮನಕ್ಕೂ ತಂದಿದ್ದೇನೆ.” ಕಾರಣ ದಿನಾಂಕದ ಮೇಲೆ ಬೀಳುತ್ತದೆ, ವ್ಯಕ್ತಿಯ ಮೇಲೆ ಬೀಳುವುದಿಲ್ಲ.

ಅವರನ್ನೇ Bcc ಯಲ್ಲಿ ಗುಟ್ಟಾಗಿ ಹಾಕಿದರೆ ಹೇಗೆ ಎಂದು ನನ್ನ ಗೆಳೆಯರೊಬ್ಬರು ಕೇಳಿದರು. ಇದು ಅಪಾಯ. Bcc ಯಲ್ಲಿರುವವರು ಗಮನಿಸದೆ Reply all ಒತ್ತಿದರೆ, ಅವರ ಉತ್ತರ To ಮತ್ತು Cc ಯಲ್ಲಿರುವ ಎಲ್ಲರಿಗೂ ಹೋಗುತ್ತದೆ. ಪ್ರಾಂಶುಪಾಲರ ಉತ್ತರ ಇದ್ದಕ್ಕಿದ್ದಂತೆ ಗುಮಾಸ್ತರ ಮುಂದೆ ಬಿದ್ದರೆ, ನಾವು ಬೆನ್ನ ಹಿಂದೆ ಏನು ಮಾಡಿದೆವು ಎಂಬುದು ಬಯಲಾಗುತ್ತದೆ. ಹೇಳಲೇಬೇಕಿದ್ದರೆ ಕಳಿಸಿದ ಮೇಲನ್ನು ಅವರಿಗೆ ಪ್ರತ್ಯೇಕವಾಗಿ ಫಾರ್ವರ್ಡ್ ಮಾಡಿ, ಮೇಲೆ ಎರಡು ಸಾಲು ಬರೆಯುವುದು ಒಳ್ಳೆಯದು. ವಿದ್ಯಾರ್ಥಿಗಳನ್ನು Bcc ಯಲ್ಲಿಟ್ಟದ್ದು ಅವರ ಮರ್ಯಾದೆ ಕಾಯಲು. ಇಲ್ಲಿ Bcc ಹಾಕುವುದು ಗುಮಾಸ್ತರಿಗೆ ತಿಳಿಯದಂತೆ ಅವರ ಮೇಲೆ ಕಣ್ಣಿಡಲು. ಸಾಲು ಒಂದೇ, ನಿಯತ್ತು ಬೇರೆ.

ಕಳಿಸುವ ಮುಂಚೆ

ನನ್ನ ತಪ್ಪನ್ನು ಹಿಂದಕ್ಕೆ ಪಡೆಯಲು ಆಗಲಿಲ್ಲ. ಜಿಮೇಲ್‌ನಲ್ಲಿ Undo ಇದೆ, ಆದರೆ ಅದರ ಅವಧಿ ಹೆಚ್ಚೆಂದರೆ 30 ಸೆಕೆಂಡು, ಅದೂ ಸೆಟ್ಟಿಂಗ್ಸ್‌ನಲ್ಲಿ ನಾವೇ ಆರಿಸಿದ್ದರೆ. ನನಗೆ ಗೊತ್ತಾಗಿದ್ದು ಅರ್ಧ ಗಂಟೆಯ ಮೇಲೆ. 9 ಮಂದಿಗೂ ಒಬ್ಬೊಬ್ಬರಿಗೇ ಕ್ಷಮೆ ಕೇಳಿ ಬರೆದೆ, ಈ ಸಲ ಪ್ರತ್ಯೇಕವಾಗಿ. ಒಟ್ಟಿಗೆ ಕ್ಷಮೆ ಕೇಳಿದ್ದರೆ ಪಟ್ಟಿ ಇನ್ನೊಮ್ಮೆ ಎಲ್ಲರ ಮುಂದೆ ಹೋಗುತ್ತಿತ್ತು. ಇಬ್ಬರು ಉತ್ತರಿಸಿದರು. ಒಬ್ಬರು ಅರ್ಜಿ ವಾಪಸ್ ತೆಗೆದುಕೊಂಡರು. ಅವರ ಮನ ಒಲಿಸಲು ಉಸ್ತುವಾರಿ ಸರ್ ಎರಡು ಸಲ ಅವರ ಮನೆಗೆ ಹೋಗಬೇಕಾಯಿತು.

ಈಗ ನಾನು ಮೇಲ್ ಬರೆಯುವ ಕ್ರಮವನ್ನೇ ತಿರುಗಿಸಿದ್ದೇನೆ. ಮೊದಲು ವಿಷಯ, ಆಮೇಲೆ ಮಾತು, ಆಮೇಲೆ ಲಗತ್ತು, ಎಲ್ಲಕ್ಕಿಂತ ಕೊನೆಗೆ ವಿಳಾಸ. ವಿಳಾಸ ಇಲ್ಲದ ಮೇಲ್ ಕೈತಪ್ಪಿ ಹೋಗುವುದಿಲ್ಲ. ವಿಳಾಸ ಹಾಕಿದ ಮೇಲೆ ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು ಕೇಳಿಕೊಳ್ಳುತ್ತೇನೆ: ಇವರ ಹೆಸರು ಉಳಿದವರಿಗೆ ಕಂಡರೆ ಇವರಿಗೆ ಬೇಸರವಾಗುತ್ತದೆಯೇ? ಹೌದು ಎಂದಾದರೆ ಆ ಹೆಸರು To ಯಲ್ಲೂ ಇರಬಾರದು, Cc ಯಲ್ಲೂ ಇರಬಾರದು.