ರಜೆಗೆ ಹೊರಟವರ ಅರ್ಧ ಮುಗಿದ ಕೆಲಸ

2017ರ ತಿದ್ದುಪಡಿಯ ನಂತರ ನಮ್ಮಲ್ಲಿ ಹೆರಿಗೆ ರಜೆ, ಮೊದಲ ಎರಡು ಮಕ್ಕಳಿಗೆ, 12 ವಾರದಿಂದ 26 ವಾರಕ್ಕೆ ಏರಿತು. ಅಷ್ಟು ದಿನ ದೂರವಿರುವ ಸಾಫ್ಟ್‌ವೇರ್ ಡೆವಲಪರ್ ತನ್ನ ಜಾಗಕ್ಕೆ ಬರುವವರಿಗಾಗಿ ಒಂದು ಹ್ಯಾಂಡೊವರ್ ನೋಟ್ ಬರೆದಿಟ್ಟು ಹೋಗುತ್ತಾಳೆ. ಬಾಕಿ ಕೆಲಸಗಳ ಪಟ್ಟಿ ಮಾಡುವುದು ಸುಲಭ. ಪ್ರತಿ ಕೆಲಸ ಯಾವ ಹಂತದಲ್ಲಿ ನಿಂತಿದೆ ಎಂದು ಹೇಳುವುದೇ ಕಷ್ಟ. ‘ಮುಕ್ಕಾಲು ಮುಗಿದಿದೆ’ ಎಂದರೆ ಓದುವವರಿಗೆ ಏನೂ ತಿಳಿಯುವುದಿಲ್ಲ.

ಮನೆಗೆ ದಿನಸಿ ತಲುಪಿಸುವ ಕಂಪನಿಯೊಂದರ ಆರ್ಡರ್ ಟೇಬಲ್ ಇದೆ ಎಂದಿಟ್ಟುಕೊಳ್ಳೋಣ. ಹಳೆಯ ಕಾಲಂನಲ್ಲಿ ಗ್ರಾಹಕರ ಮೊಬೈಲ್ ನಂಬರುಗಳು ಒಂದೊಂದು ರೀತಿ ಇವೆ: ಕೆಲವಕ್ಕೆ ಮುಂದೆ ಸೊನ್ನೆ, ಕೆಲವಕ್ಕೆ +91. ಎಲ್ಲವನ್ನೂ ಒಂದೇ ರೂಪಕ್ಕೆ ತಂದು ಹೊಸ ಕಾಲಂಗೆ ಹಾಕುವ ಕೆಲಸ ನಡೆಯುತ್ತಿದೆ. ಹೊಸ ಆರ್ಡರ್‌ಗಳು ಎರಡೂ ಕಾಲಂಗೆ ಬೀಳುತ್ತಿವೆ. ಹಳೆಯ ಆರ್ಡರ್‌ಗಳನ್ನು ಒಂದು ಸ್ಕ್ರಿಪ್ಟ್ ರಾತ್ರಿ ಹೊತ್ತು ಸ್ವಲ್ಪ ಸ್ವಲ್ಪವಾಗಿ ತುಂಬಿಸುತ್ತಿದೆ. ಆದರೆ ಗ್ರಾಹಕರಿಗೆ ಮೆಸೇಜ್ ಕಳಿಸುವ ಕೋಡ್ ಇನ್ನೂ ಹಳೆಯ ಕಾಲಂ ಅನ್ನೇ ಓದುತ್ತಿದೆ. ಇದು ನೋಟ್‌ನಲ್ಲಿ ಇಲ್ಲದಿದ್ದರೆ, ಹೊಸಬರು ‘ಹಳೆಯದು ಇನ್ನೇಕೆ’ ಎಂದು ಆ ಕಾಲಂ ಅಳಿಸಿಬಿಡಬಹುದು. ಅಲ್ಲಿಗೆ ಮೆಸೇಜ್‌ಗಳು ನಿಂತವು.

ಒಳ್ಳೆಯ ನೋಟ್ ಎಷ್ಟು ಉಳಿದಿದೆ ಎಂದು ಅಂದಾಜಿನಲ್ಲಿ ಹೇಳುವುದಿಲ್ಲ, ಎಣಿಸಿ ನೋಡುವ ದಾರಿಯನ್ನೇ ಕೊಡುತ್ತದೆ:

```
SELECT COUNT(*) FROM orders
WHERE phone_new IS NULL;
```

ಹೊಸ ಕಾಲಂ ಖಾಲಿಯಿರುವ ಸಾಲುಗಳೆಷ್ಟು ಎಂದು ಇದು ಹೇಳುತ್ತದೆ. ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಸ್ಕ್ರಿಪ್ಟ್ ಸರಿಯಾಗಿ ಓಡುತ್ತಿದೆ ಎಂದರ್ಥ. ಆದರೆ ಈ ಸಂಖ್ಯೆ ಸೊನ್ನೆಗೆ ಬಾರದೆ, ಕೆಲವು ನೂರರಲ್ಲಿ ನಿಂತುಬಿಡಬಹುದು. ಒಂಬತ್ತೇ ಅಂಕಿಯ, ತಪ್ಪಾಗಿ ದಾಖಲಾದ ನಂಬರುಗಳನ್ನು ಯಾವ ಸ್ಕ್ರಿಪ್ಟೂ ಸರಿಮಾಡಲಾರದು. ಅವನ್ನು ಗ್ರಾಹಕ ಸೇವೆಯವರಿಗೆ ಕೊಡಬೇಕು, ಆಮೇಲೆ ಓದುವ ಕೋಡ್ ಬದಲಿಸಬೇಕು, ಹಳೆಯ ಕಾಲಂ ಅಳಿಸುವುದು ಎಲ್ಲಕ್ಕಿಂತ ಕೊನೆಗೆ. ನನ್ನ ಮಟ್ಟಿಗೆ ಇಡೀ ನೋಟ್‌ನಲ್ಲಿ ಅತಿ ಬೆಲೆಯುಳ್ಳದ್ದು ಈ ಭಾಗ. ಇದಿಲ್ಲದಿದ್ದರೆ ಹೊಸಬರು ಅದೇ ಸ್ಕ್ರಿಪ್ಟನ್ನು ಮತ್ತೆ ಮತ್ತೆ ಓಡಿಸುತ್ತ ಕೂರುತ್ತಾರೆ.

ಇನ್ನು ಕೆಲವು ಸಂಗತಿಗಳು ಬಾಕಿ ಪಟ್ಟಿಗೇ ಬರುವುದಿಲ್ಲ, ಏಕೆಂದರೆ ಹೊರಡುವ ದಿನ ಅವು ಸರಿಯಾಗಿಯೇ ಇರುತ್ತವೆ. ವೆಬ್‌ಸೈಟಿನ ಭದ್ರತಾ ಸರ್ಟಿಫಿಕೇಟ್ 90 ದಿನದ್ದಾಗಿದ್ದು, ಅದನ್ನು ಆಕೆಯೇ ಕೈಯಾರೆ ನವೀಕರಿಸುತ್ತಿದ್ದರೆ, 26 ವಾರಗಳಲ್ಲಿ ಅದು ಎರಡು ಸಲ ಮುಗಿಯುತ್ತದೆ. ಅಂದು ಗ್ರಾಹಕರಿಗೆ ಕಾಣುವುದು ‘ಈ ತಾಣ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ. ಆದ್ದರಿಂದ ರಜೆಯ ನಡುವೆ ಬರುವ ಇಂಥ ತಾರೀಕುಗಳನ್ನು ಬೇರೆಯಾಗಿ ಬರೆದು, ಎದುರಿಗೆ ಹೊಣೆ ಹೊತ್ತವರ ಹೆಸರು ಹಾಕಬೇಕು. ಪಾಸ್‌ವರ್ಡ್‌ಗಳನ್ನು ಮಾತ್ರ ನೋಟ್‌ನಲ್ಲಿ ಬರೆಯಬಾರದು. ಅವು ಎಲ್ಲಿವೆ, ಯಾರನ್ನು ಕೇಳಬೇಕು ಎಂದಷ್ಟೇ ಸಾಕು.

ಹೊರಡುವ ಮುಂಚಿನ ವಾರ ಹೊಸಬರು ನೋಟ್ ಮುಂದಿಟ್ಟುಕೊಂಡು ಆ ರಾತ್ರಿಯ ಸ್ಕ್ರಿಪ್ಟನ್ನು ತಾವೇ ಓಡಿಸಬೇಕು. ಅವರು ಕೇಳುವ ಪ್ರತಿ ಪ್ರಶ್ನೆಯ ಉತ್ತರವನ್ನೂ ಆಕೆ ಅಲ್ಲೇ ನೋಟ್‌ಗೆ ಸೇರಿಸಬೇಕು.